ಫೇಸ್ ಸ್ವಾಪ್ ಮಾದರಿಗಳಲ್ಲಿ ಐಡೆಂಟಿಟಿ ಲಾಸ್: ವ್ಯಕ್ತಿಯ ಗುರುತನ್ನು ಅಳೆಯುವ ಬಗೆ

‘ಐಡೆಂಟಿಟಿ ಲಾಸ್’ ಎಂಬ ಮಾತನ್ನು ಮೊದಲ ಬಾರಿಗೆ ಕೇಳಿದವರು ಅದನ್ನು ‘ಗುರುತು ಕಳೆದುಹೋಗುವುದು’ ಎಂದು ತಿಳಿಯುವ ಸಂಭವವುಂಟು. ವಾಸ್ತವವಾಗಿ ಅದರ ಅರ್ಥ ಬಹುಮಟ್ಟಿಗೆ ಇದಕ್ಕೆ ವಿರುದ್ಧವಾದುದು. ಗಣಕಯಂತ್ರಕ್ಕೆ ಯಾವುದಾದರೊಂದು ಕೆಲಸವನ್ನು ಕಲಿಸುವಾಗ, ಅದು ಮಾಡಿದ ತಪ್ಪು ಎಷ್ಟೆಂಬುದನ್ನು ಒಂದು ಸಂಖ್ಯೆಯಿಂದ ಸೂಚಿಸುವ ಪದ್ಧತಿಯಿದೆ. ಆ ಸಂಖ್ಯೆಗೆ ‘ಲಾಸ್’ ಎಂದು ಹೆಸರು. ಅದನ್ನು ನಷ್ಟವೆನ್ನುವುದಕ್ಕಿಂತ ದಂಡವೆಂದು ಭಾವಿಸಿದರೆ ವಿಷಯ ಸುಲಭವಾಗಿ ತಿಳಿಯುತ್ತದೆ. ಹಾಗಾದರೆ ಐಡೆಂಟಿಟಿ ಲಾಸ್ ಎಂದರೆ, ಚಿತ್ರದಲ್ಲಿ ಕಾಣಬೇಕಾದ ವ್ಯಕ್ತಿಯ ಬದಲು ಬೇರೆ ಯಾರೋ ಕಂಡಾಗ ಯಂತ್ರಕ್ಕೆ ವಿಧಿಸುವ ದಂಡ. ಈ ದಂಡವನ್ನು ಲೆಕ್ಕಹಾಕುವುದು ಹೇಗೆ, ಲೆಕ್ಕಹಾಕಿದ ಮೇಲೆ ಅದು ಮುಖವನ್ನು ತಿದ್ದುವುದು ಹೇಗೆ, ಅದನ್ನು ಎಲ್ಲಿಯವರೆಗೆ ನಂಬಬಹುದು ಎಂಬುದನ್ನು ಇಲ್ಲಿ ವಿವರಿಸಲು ಯತ್ನಿಸಿದ್ದೇವೆ.

ಮೊದಲು ಸಮಸ್ಯೆಯ ಸ್ವರೂಪವನ್ನು ನೋಡೋಣ. ಫೇಸ್ ಸ್ವಾಪ್ ಕಾರ್ಯದಲ್ಲಿ ಎರಡು ಚಿತ್ರಗಳಿರುತ್ತವೆ. ಯಾರ ಮುಖವನ್ನು ತರಬೇಕೋ ಅವರ ಚಿತ್ರವನ್ನು ‘ಆಕರ ಮುಖ’ವೆಂದೂ, ಯಾವ ಚಿತ್ರದೊಳಕ್ಕೆ ಆ ಮುಖವನ್ನು ಕೂರಿಸಬೇಕೋ ಅದನ್ನು ‘ಗುರಿಚಿತ್ರ’ವೆಂದೂ ಕರೆಯೋಣ. ಯಂತ್ರವು ಕೊಡುವ ಮೂರನೆಯ ಚಿತ್ರವೇ ಫಲಿತಚಿತ್ರ. ಅದರಲ್ಲಿ ವ್ಯಕ್ತಿ ಆಕರ ಮುಖದವನಾಗಿರಬೇಕು. ಆದರೆ ತಲೆಯ ಓರೆ, ತುಟಿಯ ಚಲನೆ, ನೋಟದ ದಿಕ್ಕು, ಕೆನ್ನೆಯ ಮೇಲೆ ಬಿದ್ದ ಬೆಳಕು, ಹಿನ್ನೆಲೆ ಇವೆಲ್ಲ ಗುರಿಚಿತ್ರದವೇ ಆಗಿರಬೇಕು. ತೊಡಕೆಂದರೆ, ಇಂಥ ಫಲಿತಚಿತ್ರಕ್ಕೆ ಸರಿಯುತ್ತರವೆಂಬುದು ಪ್ರಪಂಚದಲ್ಲಿ ಎಲ್ಲಿಯೂ ಇಲ್ಲ. ಮಸುಕಾದ ಚಿತ್ರವನ್ನು ಸ್ಪಷ್ಟಗೊಳಿಸಲು ಯಂತ್ರಕ್ಕೆ ಕಲಿಸುವಾಗ, ಸ್ಪಷ್ಟವಾದ ಮೂಲಚಿತ್ರ ನಮ್ಮ ಕೈಯಲ್ಲಿಯೇ ಇರುತ್ತದೆ. ಯಂತ್ರದ ಉತ್ತರವನ್ನು ಅದರೊಡನೆ ಚುಕ್ಕೆ ಚುಕ್ಕೆಗೆ ಹೋಲಿಸಬಹುದು. ಇಲ್ಲಿಯಾದರೋ, ಒಬ್ಬನು ಇನ್ನೊಬ್ಬನ ಭಂಗಿಯಲ್ಲಿ, ಅದೇ ಬೆಳಕಿನಲ್ಲಿ, ಅದೇ ನಗುವಿನೊಡನೆ ಕುಳಿತು ತೆಗೆಸಿಕೊಂಡ ಭಾವಚಿತ್ರ ಸಿಗುವಂತಿಲ್ಲ. ಉತ್ತರಪತ್ರಿಕೆಯಿಲ್ಲದೆ ಪರೀಕ್ಷೆ ನಡೆಸಬೇಕಾದ ಪರಿಸ್ಥಿತಿ ಇದು.

2017ರ ಕೊನೆಯಲ್ಲಿ ‘ಡೀಪ್‌ಫೇಕ್’ ಎಂಬ ಹೆಸರಿನಿಂದ ಪ್ರಚಾರಕ್ಕೆ ಬಂದ ಮೊದಲ ವಿಧಾನವು ಈ ತೊಡಕನ್ನು ಬಗೆಹರಿಸದೆ ಅದರ ಪಕ್ಕದಿಂದ ಹಾದುಹೋಯಿತೆಂದು ಹೇಳಬೇಕು. ಅದರಲ್ಲಿ ಇಬ್ಬರು ವ್ಯಕ್ತಿಗಳಿಗೆ ಸೇರಿದಂತೆ ಒಂದೇ ಸಂಕೇತಕ ಜಾಲವಿರುತ್ತಿತ್ತು. ಸಂಕೇತದಿಂದ ಮುಖವನ್ನು ಮರಳಿ ಬರೆಯುವ ಜಾಲ ಮಾತ್ರ ಒಬ್ಬೊಬ್ಬರಿಗೆ ಒಂದೊಂದು. ಒಬ್ಬನ ಸಂಕೇತವನ್ನು ಇನ್ನೊಬ್ಬನ ಬರಹಜಾಲಕ್ಕೆ ಕೊಟ್ಟರೆ ಮುಖ ಬದಲಾಗುತ್ತಿತ್ತು. ಆ ಬರಹಜಾಲಕ್ಕೆ ಒಂದೇ ಮುಖದ ಹೊರತು ಬೇರೊಂದನ್ನು ಬರೆಯಲು ಬಾರದಾದ್ದರಿಂದ, ಗುರುತನ್ನು ಪ್ರತ್ಯೇಕವಾಗಿ ಅಳೆಯುವ ಅಗತ್ಯ ಬೀಳಲಿಲ್ಲ. ಆದರೆ ಪ್ರತಿಯೊಂದು ಜೋಡಿಗೂ ಹೊಸದಾಗಿ ತರಬೇತು ಕೊಡಬೇಕಾಗಿತ್ತು. ಪ್ರತಿಯೊಬ್ಬರದೂ ನೂರಾರು ಚಿತ್ರಗಳು ಬೇಕಾಗಿದ್ದುವು. ಒಂದೇ ಒಂದು ಭಾವಚಿತ್ರವನ್ನು ಕೊಟ್ಟು, ಹಿಂದೆಂದೂ ಕಂಡಿರದ ವ್ಯಕ್ತಿಯ ಮುಖವನ್ನು ತರಬಲ್ಲ ಒಂದೇ ಮಾದರಿ ಬೇಕೆಂದಾಗ ಈ ಉಪಾಯ ಸಾಗುವುದಿಲ್ಲ. ಬರಹಜಾಲಕ್ಕೆ ಈಗ ಎಲ್ಲರ ಮುಖಗಳನ್ನೂ ಬರೆಯಲು ಬರಬೇಕು. ಆದುದರಿಂದ ಸದ್ಯ ಬರೆದಿರುವುದು ಯಾರ ಮುಖವೆಂದು ಯಾರಾದರೂ ನೋಡಿ ಹೇಳಬೇಕಾಗುತ್ತದೆ. ಐಡೆಂಟಿಟಿ ಲಾಸ್ ನೆಲೆಗೊಂಡದ್ದು ಈ ಎಡೆಯಲ್ಲಿ. ನಮ್ಮ ವಿವರಣೆಗೆ 2019ರ ಡಿಸೆಂಬರಿನಲ್ಲಿ ಪ್ರಕಟವಾದ ‘ಫೇಸ್‌ಶಿಫ್ಟರ್’ ಎಂಬ ಮಾದರಿಯನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇವೆ. ಅದರ ರಚನೆ ಸರಳವಾಗಿದೆ. ಮುಂದೆ ಬಂದ ಅನೇಕ ಮಾದರಿಗಳು ಅದೇ ಹಾದಿಯನ್ನು ಹಿಡಿದಿವೆ.

ನೋಡಿ ಹೇಳುವ ಆ ‘ಯಾರಾದರೂ’ ಇಲ್ಲಿ ಮನುಷ್ಯನಲ್ಲ. ಮುಖಗಳನ್ನು ಗುರುತಿಸಲು ಮೊದಲೇ ಕಲಿತ ಮತ್ತೊಂದು ನರಜಾಲ. ಫೇಸ್‌ಶಿಫ್ಟರ್‌ನಲ್ಲಿ ಬಳಸಿದುದು ‘ಆರ್ಕ್‌ಫೇಸ್’ ವಿಧಾನದಿಂದ ತರಬೇತಾದ ಜಾಲ. ಇದನ್ನು ನಾವು ಗುರುತುಜಾಲವೆನ್ನೋಣ. ಅದಕ್ಕೆ ಒಂದು ಮುಖವನ್ನು ತೋರಿಸಿದರೆ 512 ಸಂಖ್ಯೆಗಳ ಒಂದು ಸಾಲನ್ನು ಕೊಡುತ್ತದೆ. ಈ ಸಾಲನ್ನು 512 ಆಯಾಮಗಳ ಆಕಾಶದಲ್ಲಿ ಒಂದು ದಿಕ್ಕನ್ನು ತೋರಿಸುವ ಬಾಣವೆಂದು, ಎಂದರೆ ಸದಿಶವೆಂದು, ಭಾವಿಸಬಹುದು. ಬಾಣದ ಉದ್ದಕ್ಕೆ ಇಲ್ಲಿ ಬೆಲೆಯಿಲ್ಲ. ದಿಕ್ಕಿಗೆ ಮಾತ್ರ ಬೆಲೆ. ತರಬೇತಿನ ಕಾಲದಲ್ಲಿ ಒಬ್ಬನೇ ವ್ಯಕ್ತಿಯ ಬೇರೆ ಬೇರೆ ಚಿತ್ರಗಳ ಬಾಣಗಳು ಒಂದೇ ದಿಕ್ಕಿಗೆ ತಿರುಗುವಂತೆಯೂ, ಬೇರೆ ಬೇರೆ ವ್ಯಕ್ತಿಗಳ ಬಾಣಗಳು ದೂರ ಸರಿಯುವಂತೆಯೂ ಜಾಲವನ್ನು ತಿದ್ದಲಾಗುತ್ತದೆ. ಆರ್ಕ್‌ಫೇಸಿನ ವೈಶಿಷ್ಟ್ಯವೆಂದರೆ, ಸರಿಯಾದ ವ್ಯಕ್ತಿಯೊಡನೆ ಇರುವ ಕೋನಕ್ಕೆ ಅದು ತರಬೇತಿನಲ್ಲಿ ಬೇಕೆಂದೇ 0.5 ರೇಡಿಯನ್ನಿನಷ್ಟು ಹೆಚ್ಚಿಗೆ ಕೂಡಿಸುತ್ತದೆ. ಪರೀಕ್ಷೆಯನ್ನು ಇಷ್ಟು ಬಿಗಿಗೊಳಿಸಿದ್ದರಿಂದ ಒಬ್ಬನ ಚಿತ್ರಗಳೆಲ್ಲ ಸೇರಿ ಒಂದು ಇಕ್ಕಟ್ಟಾದ ಗುಂಪಾಗುತ್ತವೆ. ಗಡ್ಡ ಬಿಟ್ಟ ಚಿತ್ರ, ಕನ್ನಡಕ ಹಾಕಿದ ಚಿತ್ರ, ಹತ್ತು ವರ್ಷಗಳ ಹಿಂದಿನ ಚಿತ್ರ ಇವು ಹತ್ತಿರ ಹತ್ತಿರ ನಿಂತರೆ, ಆ ದಿಕ್ಕು ಗಡ್ಡವನ್ನೂ ಕನ್ನಡಕವನ್ನೂ ಹೇಳದೆ ವ್ಯಕ್ತಿಯನ್ನು ಹೇಳುತ್ತಿದೆಯೆಂದು ತಿಳಿಯುತ್ತೇವೆ.

ಎರಡು ದಿಕ್ಕುಗಳ ಸಾಮೀಪ್ಯವನ್ನು ಅಳೆಯಲು ಅವುಗಳ ನಡುವಿನ ಕೋನದ ಕೊಸೈನ್ ಬೆಲೆ ಸಾಕು. ದಿಕ್ಕುಗಳು ಒಂದೇ ಆದರೆ ಅದು 1, ಲಂಬವಾಗಿದ್ದರೆ 0. ಆದುದರಿಂದ ದಂಡವನ್ನು ಹೀಗೆ ಬರೆಯುತ್ತಾರೆ:

`L_id = 1 - cos(z(Y), z(X_s))`

ಇಲ್ಲಿ `Y` ಎಂಬುದು ಫಲಿತಚಿತ್ರ, `X_s` ಆಕರ ಮುಖ, `z` ಗುರುತುಜಾಲ ಕೊಡುವ ಬಾಣ. ಗುರಿಚಿತ್ರವು ಈ ಸೂತ್ರದಲ್ಲಿ ಎಲ್ಲಿಯೂ ಬಂದಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಈ ಸಂಗತಿಗೆ ಲೇಖನದ ಕೊನೆಯಲ್ಲಿ ಮತ್ತೆ ಬರುತ್ತೇವೆ.

ಒಂದು ಲೆಕ್ಕವನ್ನು ಮಾಡಿ ನೋಡೋಣ. ಸೌಲಭ್ಯಕ್ಕಾಗಿ 512ರ ಬದಲು ಮೂರೇ ಸಂಖ್ಯೆಗಳ ಬಾಣಗಳನ್ನು ತೆಗೆದುಕೊಂಡಿದ್ದೇವೆ. ಎಲ್ಲವುಗಳ ಉದ್ದವೂ 1. ಆಕರ ಮುಖದ ಬಾಣ (0.8, 0.6, 0) ಎಂದೂ, ಗುರಿಚಿತ್ರದಲ್ಲಿರುವ ವ್ಯಕ್ತಿಯ ಬಾಣ (0, 0.6, 0.8) ಎಂದೂ ಇಟ್ಟುಕೊಳ್ಳಿ. ಸಂಖ್ಯೆಗಳನ್ನು ಜೋಡಿ ಜೋಡಿಯಾಗಿ ಗುಣಿಸಿ ಕೂಡಿದರೆ ಇವರಿಬ್ಬರ ಕೊಸೈನ್ 0.36 ಎಂದು ಸಿಗುತ್ತದೆ. ತರಬೇತಿನ ಆರಂಭದಲ್ಲಿ ಯಂತ್ರವು ಗುರಿಚಿತ್ರವನ್ನೇ ಇದ್ದಂತೆ ಹಿಂತಿರುಗಿಸಿತೆನ್ನೋಣ. ಆಗ ದಂಡ 1 ರಿಂದ 0.36 ಕಳೆದು 0.64. ಸ್ವಲ್ಪ ಕಲಿತ ಮೇಲೆ ಫಲಿತಚಿತ್ರದ ಬಾಣ (0.6, 0.64, 0.48) ಆಯಿತೆಂದರೆ, ಆಕರ ಮುಖದೊಡನೆ ಅದರ ಕೊಸೈನ್ 0.864, ದಂಡ 0.136. ಪೂರ್ತಿಯಾಗಿ ಆಕರ ಮುಖದ ದಿಕ್ಕಿಗೇ ತಿರುಗಿದರೆ ದಂಡ ಸೊನ್ನೆ. ನಿಜವಾದ 512 ಆಯಾಮಗಳಲ್ಲಿ, ಪರಸ್ಪರ ಸಂಬಂಧವಿಲ್ಲದ ಇಬ್ಬರ ಕೊಸೈನ್ ಸಾಮಾನ್ಯವಾಗಿ ಸೊನ್ನೆಯ ಆಸುಪಾಸಿನಲ್ಲಿರುತ್ತದೆ; ಹಾಗಾಗಿ ದಂಡವು 1ರ ಹತ್ತಿರದಿಂದ ಇಳಿಯಲು ಆರಂಭಿಸುತ್ತದೆ.

ಈ ಸಂಖ್ಯೆ ಮುಖವನ್ನು ತಿದ್ದುವುದು ಹೇಗೆ? ಗುರುತುಜಾಲವು ಆದಿಯಿಂದ ಅಂತ್ಯದವರೆಗೆ ಕೂಡುವಿಕೆ ಗುಣಿಸುವಿಕೆಗಳ ಸರಪಳಿ. ಕಲನಶಾಸ್ತ್ರದ ಸರಪಳಿ ನಿಯಮದಿಂದ ಹಿಂದಕ್ಕೆ ನಡೆದು, ಫಲಿತಚಿತ್ರದ ಪ್ರತಿಯೊಂದು ಚುಕ್ಕೆಯೂ ಎಷ್ಟು ಬೆಳಗಾದರೆ ಅಥವಾ ಕಪ್ಪಾದರೆ ದಂಡ ಎಷ್ಟು ಇಳಿಯುವುದೆಂದು ಲೆಕ್ಕಹಾಕಬಹುದು. ಹುಬ್ಬುಗಳ ಅಂತರ, ಮೂಗಿನ ಬುಡ, ಕಣ್ಣುರೆಪ್ಪೆಯ ಬಾಗು ಎಂಬಂಥ ಹೆಸರುಗಳೊಂದನ್ನೂ ಯಾರೂ ಯಂತ್ರಕ್ಕೆ ಹೇಳಿಕೊಟ್ಟಿಲ್ಲವಾದರೂ, ಗುರುತುಜಾಲ ಯಾವುದರ ಮೇಲೆ ಕಣ್ಣಿಟ್ಟಿದೆಯೋ ಆ ಎಡೆಗಳಲ್ಲಿಯೇ ತಿದ್ದುಪಡಿ ಬಲವಾಗಿರುತ್ತದೆ. ಆ ತಿದ್ದುಪಡಿ ಇನ್ನೂ ಹಿಂದಕ್ಕೆ ಸಾಗಿ ಚಿತ್ರವನ್ನು ಬರೆಯುವ ಜಾಲವನ್ನು ಮುಟ್ಟುತ್ತದೆ. ಈ ಪಯಣದಲ್ಲಿ ಗುರುತುಜಾಲ ಮಾತ್ರ ಬದಲಾಗಕೂಡದು; ಪರೀಕ್ಷಕನನ್ನೇ ಒಲಿಸಿಕೊಂಡರೆ ಅಂಕಗಳಿಗೆ ಬೆಲೆಯಿರುವುದಿಲ್ಲ. ಪೈಟಾರ್ಚ್‌ನಲ್ಲಿ ಇದರ ಮುಖ್ಯಭಾಗ ಇಷ್ಟೇ:

```
with torch.no_grad():
    z_s = F.normalize(arcface(xs112), dim=1)
y112 = F.interpolate(y, size=(112, 112), mode="bilinear")
z_y = F.normalize(arcface(y112), dim=1)
loss_id = (1 - (z_s * z_y).sum(dim=1)).mean()
```

ಮೊದಲ ಸಾಲಿನ `no_grad` ಆಕರ ಮುಖಕ್ಕೆ ಮಾತ್ರ ಅನ್ವಯಿಸುತ್ತದೆ. ಗುರುತುಜಾಲ ಬದಲಾಗಬಾರದೆಂಬ ಎಚ್ಚರಿಕೆಯಲ್ಲಿ ವಿದ್ಯಾರ್ಥಿಗಳು ಅನೇಕ ವೇಳೆ ನಾಲ್ಕನೆಯ ಸಾಲನ್ನೂ ಅದರೊಳಗೆ ಸೇರಿಸಿಬಿಡುತ್ತಾರೆ. ಆಗ ಹಿಂದಕ್ಕೆ ಹೋಗುವ ದಾರಿಯೇ ಮುಚ್ಚಿಹೋಗುತ್ತದೆ. ದಂಡದ ಸಂಖ್ಯೆ ಪರದೆಯ ಮೇಲೆ ನಿಯಮಿತವಾಗಿ ಮೂಡುತ್ತಿರುತ್ತದೆ, ಆದರೆ ಯಾವುದನ್ನೂ ತಿದ್ದುವುದಿಲ್ಲ. ಬೇರೆ ದಂಡಗಳೆಲ್ಲ ಇಳಿಯುತ್ತಿದ್ದು ಇದೊಂದು ಮಾತ್ರ ಸಾವಿರಾರು ಸುತ್ತುಗಳಾದರೂ ಇದ್ದಲ್ಲಿಯೇ ಅಲುಗಾಡುತ್ತಿದ್ದರೆ ಮೊದಲು ಇದನ್ನು ಶಂಕಿಸಬೇಕು. ಎರಡನೆಯ ತಪ್ಪು ಇನ್ನೂ ಸೂಕ್ಷ್ಮವಾದುದು. ಗುರುತುಜಾಲಕ್ಕೆ ತಾನು ಕಲಿತ ರೀತಿಯ ಚಿತ್ರವೇ ಬೇಕು: 112 ಚುಕ್ಕೆ ಅಗಲ, 112 ಚುಕ್ಕೆ ಎತ್ತರ, ಕಣ್ಣು ಮೂಗು ಬಾಯಿಗಳು ನಿಗದಿಯಾದ ಸ್ಥಾನಗಳಲ್ಲಿ, ಚುಕ್ಕೆಗಳ ಬೆಲೆ ಸುಮಾರು -1 ರಿಂದ 1ರೊಳಗೆ, ಕೆಂಪು ಹಸಿರು ನೀಲಿಗಳ ಅನುಕ್ರಮವೂ ಅದು ಕಲಿತಂತೆಯೇ. ಇವುಗಳಲ್ಲಿ ಒಂದು ತಪ್ಪಿದರೂ ಜಾಲ ದೂರು ಹೇಳುವುದಿಲ್ಲ, ಹದಗೆಟ್ಟ ಬಾಣವೊಂದನ್ನು ಕೊಟ್ಟು ಸುಮ್ಮನಾಗುತ್ತದೆ. ಇದನ್ನು ಕಂಡುಹಿಡಿಯುವ ಉಪಾಯ ಸುಲಭ. ತರಬೇತಿಗೆ ಮುಂಚೆ, ಒಬ್ಬನೇ ವ್ಯಕ್ತಿಯ ಎರಡು ಚಿತ್ರಗಳನ್ನೂ ಬೇರೆ ಬೇರೆ ವ್ಯಕ್ತಿಗಳ ಎರಡು ಚಿತ್ರಗಳನ್ನೂ ಇದೇ ಹಾದಿಯಲ್ಲಿ ಕಳುಹಿಸಿ ಕೊಸೈನ್ ನೋಡಬೇಕು. ಮೊದಲನೆಯದು 0.5ಕ್ಕಿಂತ ಮೇಲೆ, ಎರಡನೆಯದು ಸೊನ್ನೆಯ ಹತ್ತಿರ ಬಂದರೆ ಹಾದಿ ಸರಿಯಾಗಿದೆ. ಎರಡೂ ಒಂದೇ ತೆರನಾದ ಸಂಖ್ಯೆಗಳಾದರೆ ತರಬೇತನ್ನು ಆರಂಭಿಸುವುದು ವ್ಯರ್ಥ.

ಐಡೆಂಟಿಟಿ ಲಾಸ್ ಒಂದನ್ನೇ ಇಟ್ಟುಕೊಂಡು ಕಲಿಸಿದರೆ ಏನಾಗುವುದು? ಆಕರ ಮುಖವನ್ನೇ ಹಾಗೆಯೇ ನಕಲುಮಾಡಿ ಕೊಟ್ಟರೆ ದಂಡ ಸೊನ್ನೆಯಾಗುವುದರಿಂದ, ಯಂತ್ರಕ್ಕೆ ಅದಕ್ಕಿಂತ ಹೆಚ್ಚಿನ ಶ್ರಮ ಬೇಡ. ಆದುದರಿಂದ ಎದುರುಕಡೆಯಿಂದ ಎಳೆಯುವ ದಂಡಗಳೂ ಬೇಕು. ಫೇಸ್‌ಶಿಫ್ಟರ್‌ನಲ್ಲಿ ಅವು ಮೂರು. ಚಿತ್ರ ಸಹಜವಾಗಿ ಕಾಣದಿದ್ದರೆ ಒಂದು. ಭಂಗಿ, ಭಾವ, ಬೆಳಕು ಮೊದಲಾದ ಲಕ್ಷಣಗಳು ಗುರಿಚಿತ್ರದಿಂದ ಬೇರೆಯಾದರೆ ಇನ್ನೊಂದು. ಆಕರವೂ ಗುರಿಯೂ ಒಂದೇ ಚಿತ್ರವಾಗಿರುವಾಗ ಅದನ್ನು ಇದ್ದಂತೆ ಮರಳಿಸದಿದ್ದರೆ ಮತ್ತೊಂದು. ಮೊದಲನೆಯದರ ತೂಕ 1, ಉಳಿದೆರಡರ ತೂಕ 10, ಐಡೆಂಟಿಟಿ ಲಾಸಿನ ತೂಕ 5. ಕೊನೆಯ ದಂಡದಲ್ಲಿ ಮಾತ್ರ ಸರಿಯುತ್ತರ ನಮ್ಮ ಕೈಯಲ್ಲಿರುತ್ತದೆ. ಆದರೆ ಅಂಥ ಜೋಡಿಗಳೇ ಹೆಚ್ಚಾದರೆ ಯಂತ್ರವು ಗುರಿಚಿತ್ರವನ್ನು ನಕಲುಮಾಡುವುದೇ ಕೆಲಸವೆಂದು ತಿಳಿಯುತ್ತದೆ. ಅದಕ್ಕಾಗಿಯೇ ಆ ಮಾದರಿಯ ಕರ್ತೃಗಳು ತರಬೇತಿನ ಜೋಡಿಗಳಲ್ಲಿ ನೂರಕ್ಕೆ 80 ಭಾಗವನ್ನು ಬೇರೆ ಬೇರೆ ಮುಖಗಳಿಗೆ ಮೀಸಲಿಟ್ಟರು.

ತೂಕದ ಪರಿಣಾಮವನ್ನು ನಮ್ಮ ಚಿಕ್ಕ ಲೆಕ್ಕದಲ್ಲಿಯೇ ನೋಡಬಹುದು. ಮೇಲಿನ ಮೂರು ಸ್ಥಿತಿಗಳಲ್ಲಿ ಐಡೆಂಟಿಟಿ ಲಾಸ್ ಕ್ರಮವಾಗಿ 0.64, 0.136, 0 ಎಂದಿತ್ತು. ಮುಖ ಬದಲಾದಷ್ಟೂ ಭಂಗಿ ಭಾವಗಳು ಕೆಡುವುದು ಹೆಚ್ಚೆಂದು ಭಾವಿಸಿ, ಲಕ್ಷಣಗಳ ದಂಡವನ್ನು ಕ್ರಮವಾಗಿ 0, 0.03, 0.12 ಎಂದು ಇಟ್ಟುಕೊಳ್ಳೋಣ. 10ರ ತೂಕದಿಂದ ಅವು 0, 0.3, 1.2 ಆಗುತ್ತವೆ. ಐಡೆಂಟಿಟಿ ಲಾಸಿಗೆ 5ರ ತೂಕ ಕೊಟ್ಟರೆ ಒಟ್ಟು ದಂಡಗಳು 3.2, 0.98, 1.2. ಯಂತ್ರವು ನಡುವಿನ ಸ್ಥಿತಿಯಲ್ಲಿ ನಿಲ್ಲುತ್ತದೆ: ವ್ಯಕ್ತಿ ಬಹುಮಟ್ಟಿಗೆ ಬದಲಾಗಿದ್ದಾನೆ, ನಗು ಉಳಿದಿದೆ. ತೂಕವನ್ನು 20ಕ್ಕೆ ಏರಿಸಿದರೆ ಅವು 12.8, 3.02, 1.2 ಆಗಿ, ಮೂರನೆಯ ಸ್ಥಿತಿಯೇ ಅಗ್ಗವಾಗುತ್ತದೆ: ವ್ಯಕ್ತಿ ಪೂರ್ತಿ ಬಂದ, ನಗು ಹೋಯಿತು. ತೂಕವನ್ನು 0.3ಕ್ಕೆ ಇಳಿಸಿದರೆ ಸುಮಾರು 0.19, 0.34, 1.2, ಯಂತ್ರವು ಗುರಿಚಿತ್ರವನ್ನು ಬಿಟ್ಟು ಕದಲುವುದೇ ಇಲ್ಲ. ಈ ಮೂರನೆಯ ಸೋಲನ್ನು ಗುರುತಿಸುವುದು ಕಷ್ಟ. ಏಕೆಂದರೆ ಫಲಿತಚಿತ್ರಗಳು ಅತ್ಯಂತ ಸುಂದರವಾಗಿರುತ್ತವೆ. ಅವುಗಳಲ್ಲಿ ಮುಖ ಬದಲಾಗಿರುವುದಿಲ್ಲ, ಅಷ್ಟೆ. ಅಂದವಾದ ಚಿತ್ರಗಳನ್ನು ಕಂಡು ತರಬೇತು ಮುಗಿಯಿತೆಂದು ಭಾವಿಸುವವರು ಇಲ್ಲಿಯೇ ಮೋಸಹೋಗುವುದು.

ತೂಕ ಅತಿಯಾದಾಗ ನಗು ಹೋಗುವುದೇಕೆಂದು ಕೇಳಬಹುದು. ಗುರುತುಜಾಲವು ನಗುವನ್ನು ಗಣಿಸದಿದ್ದರೆ ಅದಕ್ಕೆ ಹಾನಿಯೇಕೆ? ಗಣಿಸದಿರಲು ಅದು ಕಲಿತಿರುವುದು ನಿಜ, ಆದರೆ ಪೂರ್ತಿಯಾಗಿ ಅಲ್ಲ. 512 ಸಂಖ್ಯೆಗಳಲ್ಲಿ ಭಂಗಿ, ಬಾಯಿಯ ತೆರಹು, ಬೆಳಕು, ಕೂದಲು ಇವುಗಳ ಅಲ್ಪಸ್ವಲ್ಪ ಎಳೆಗಳು ಉಳಿದೇ ಇರುತ್ತವೆ. ಒಬ್ಬನೇ ವ್ಯಕ್ತಿಯ ಎರಡು ನಿಜವಾದ ಚಿತ್ರಗಳ ಕೊಸೈನ್ 1 ಆಗದೆ 0.6 ಅಥವಾ 0.7ರಲ್ಲಿ ನಿಲ್ಲುವುದು ಇದರಿಂದಲೇ. ಹೀಗಿರಲಾಗಿ, ಫಲಿತಚಿತ್ರದ ಕೊಸೈನನ್ನು 0.95ಕ್ಕೆ ಏರಿಸೆಂದು ಯಂತ್ರವನ್ನು ಒತ್ತಾಯಿಸಿದರೆ, ಆ ವ್ಯಕ್ತಿ ತನ್ನ ಇನ್ನೊಂದು ಭಾವಚಿತ್ರವನ್ನು ಹೋಲುವುದಕ್ಕಿಂತಲೂ ಹೆಚ್ಚಾಗಿ ಈ ಒಂದು ಭಾವಚಿತ್ರವನ್ನು ಹೋಲಬೇಕೆಂದು ಕೇಳಿದಂತಾಯಿತು. ವ್ಯಕ್ತಿಯನ್ನು ಉಳಿಸುವುದು ಇಲ್ಲಿಗೆ ಮುಗಿದು, ಭಾವಚಿತ್ರವನ್ನು ಉಳಿಸುವುದು ಆರಂಭವಾಗುತ್ತದೆ. ನಮ್ಮ ಅಭಿಪ್ರಾಯದಲ್ಲಿ ಐಡೆಂಟಿಟಿ ಲಾಸ್ ಸೊನ್ನೆಯಾಗಬೇಕೆಂಬ ಹಂಬಲವೇ ತಪ್ಪು. ಅದೇ ವ್ಯಕ್ತಿಯ ನಿಜಚಿತ್ರಗಳ ನಡುವೆ ಇರುವಷ್ಟು ಅಂತರವನ್ನು ಬಿಟ್ಟುಕೊಡುವುದು ನ್ಯಾಯ.

ಈ ಎಳೆದಾಟ ಪ್ರಕಟವಾದ ಫಲಿತಾಂಶಗಳಲ್ಲಿಯೂ ಕಾಣುತ್ತದೆ. 2020ರಲ್ಲಿ ಬಂದ ‘ಸಿಮ್‌ಸ್ವಾಪ್’ ಎಂಬ ಮಾದರಿಯ ಕರ್ತೃಗಳು ಗುರಿಚಿತ್ರದ ಲಕ್ಷಣಗಳಿಗೆ ಹೆಚ್ಚು ಗಮನ ಕೊಟ್ಟರು. ಚಿತ್ರದ ಸಹಜತೆಯನ್ನು ಪರೀಕ್ಷಿಸುವ ಜಾಲದ ಕೊನೆಯ ಪದರಗಳನ್ನಷ್ಟೇ ಬಳಸಿ ಫಲಿತಚಿತ್ರವನ್ನು ಗುರಿಚಿತ್ರದೊಡನೆ ಹೋಲಿಸುವುದು ಅವರ ಉಪಾಯ. ಮೊದಲ ಪದರಗಳಲ್ಲಿ ಚರ್ಮದ ರೇಖೆಗಳಂಥ ಸೂಕ್ಷ್ಮಗಳು, ಎಂದರೆ ಗುರುತಿನ ಅಂಶಗಳು, ಇರುವುದರಿಂದ ಅವನ್ನು ಬಿಟ್ಟರು. ಎರಡು ಮಾದರಿಗಳನ್ನೂ ಅಳೆದದ್ದು 1000 ವೀಡಿಯೋಗಳ ‘ಫೇಸ್‌ಫೊರೆನ್ಸಿಕ್ಸ್++’ ಸಂಗ್ರಹದ ಮೇಲೆ. ಫಲಿತಚಿತ್ರವನ್ನು ನೋಡಿ ಅದು ಯಾರ ಮುಖವೆಂದು ಹುಡುಕಿದಾಗ, ಫೇಸ್‌ಶಿಫ್ಟರ್ ನೂರಕ್ಕೆ 97.38ರಷ್ಟು ಸಲ ಸರಿಯಾದ ಆಕರ ವ್ಯಕ್ತಿಯನ್ನು ಕೊಟ್ಟಿತು, ಸಿಮ್‌ಸ್ವಾಪ್ 92.83ರಷ್ಟು. ಆದರೆ ತಲೆಯ ಭಂಗಿಯ ದೋಷ ಮೊದಲನೆಯದರಲ್ಲಿ 2.96 ಇದ್ದದ್ದು ಎರಡನೆಯದರಲ್ಲಿ 1.53ಕ್ಕೆ ಇಳಿಯಿತು. ಇವೆರಡರಲ್ಲಿ ಯಾವುದು ಮೇಲೆಂಬುದನ್ನು ಒಂದೇ ಸಂಖ್ಯೆಯಿಂದ ನಿರ್ಣಯಿಸುವಂತಿಲ್ಲ.

ಈ ಹುಡುಕಾಟವನ್ನು ಆರ್ಕ್‌ಫೇಸಿನಿಂದ ಮಾಡದೆ ‘ಕಾಸ್‌ಫೇಸ್’ ಎಂಬ ಬೇರೊಂದು ಗುರುತುಜಾಲದಿಂದ ಮಾಡಿದರೆಂಬುದು ಗಮನಾರ್ಹವಾದ ಸಂಗತಿ. ಕಲಿಸಿದವನೇ ಪರೀಕ್ಷಕನೂ ಆಗಬಾರದೆಂಬ ಸಾಮಾನ್ಯ ವಿವೇಕ ಇದರ ಹಿಂದಿದೆ. ಆದರೆ ಇಲ್ಲಿ ಅದಕ್ಕೊಂದು ವಿಶೇಷ ಕಾರಣವೂ ಉಂಟು. ಮನುಷ್ಯನ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾಗಿ ಚಿತ್ರದ ಚುಕ್ಕೆಗಳನ್ನು ಬದಲಿಸಿ ನರಜಾಲವನ್ನು ದಾರಿತಪ್ಪಿಸಬಹುದೆಂಬುದು 2013ರಿಂದಲೇ ತಿಳಿದ ವಿಷಯ. ಐಡೆಂಟಿಟಿ ಲಾಸಿನ ತರಬೇತೆಂದರೆ, ಗುರುತುಜಾಲದ ಒಳಗುಟ್ಟನ್ನು ಪೂರ್ತಿಯಾಗಿ ಬಲ್ಲ ಯಂತ್ರವೊಂದು ಲಕ್ಷಾಂತರ ಸಲ ಅದನ್ನು ಒಪ್ಪಿಸಲು ಯತ್ನಿಸುವುದು. ಮೂಗನ್ನೂ ಹುಬ್ಬನ್ನೂ ನಿಜವಾಗಿ ಬದಲಿಸುವುದಕ್ಕಿಂತ, ಕೆನ್ನೆಯ ಮೇಲೆ ನಯವಾದ ನೇಯ್ಗೆಯಂಥ ಗುರುತುಗಳನ್ನು ಚೆಲ್ಲಿ ಆ ಜಾಲವನ್ನು ಮರುಳುಗೊಳಿಸುವುದು ಅಗ್ಗವಾದರೆ, ಯಂತ್ರವು ಆ ಹಾದಿಯನ್ನೇ ಹಿಡಿಯುತ್ತದೆ. ಚಿತ್ರ ಸಹಜವಾಗಿರಬೇಕೆಂಬ ದಂಡವು ಇದನ್ನು ತಕ್ಕಮಟ್ಟಿಗೆ ತಡೆಯುವುದಾದರೂ ಸಂಪೂರ್ಣವಾಗಿ ತಡೆಯಲಾರದು. ಇದರ ಲಕ್ಷಣ ಸ್ಪಷ್ಟ: ತರಬೇತಿನ ಗುರುತುಜಾಲದ ಪ್ರಕಾರ ಕೊಸೈನ್ ಬಹಳ ಮೇಲೆ, ಬೇರೊಂದು ಜಾಲದ ಪ್ರಕಾರ ಗಣನೀಯವಾಗಿ ಕೆಳಗೆ, ಆ ವ್ಯಕ್ತಿಯನ್ನು ಬಲ್ಲ ಸ್ನೇಹಿತನಿಗೆ ತೋರಿಸಿದರೆ ‘ಇದಾರು?’ ಎಂಬ ಪ್ರಶ್ನೆ. ಈ ಕೊನೆಯ ಪರೀಕ್ಷೆಗೆ ಖರ್ಚಿಲ್ಲ, ಆದರೂ ಅದನ್ನು ಮಾಡುವವರು ಕಡಮೆ.

ಗುರುತುಜಾಲ ನೋಡದಿರುವುದನ್ನು ಐಡೆಂಟಿಟಿ ಲಾಸ್ ಕಾಪಾಡಲಾರದು. ಮುಖದ ಒಟ್ಟು ಆಕಾರ ಇದಕ್ಕೊಂದು ನಿದರ್ಶನ. ಗುಂಡುಮುಖದವನ ಚಿತ್ರಕ್ಕೆ ನೀಳಮುಖದವನನ್ನು ತಂದಾಗ, ಕಣ್ಣುಮೂಗುಗಳು ಬದಲಾಗಿ ದವಡೆಯ ಗೆರೆ ಹಿಂದಿನದೇ ಉಳಿಯುವುದು ಈ ಮಾದರಿಗಳಲ್ಲಿ ಸಾಮಾನ್ಯ. ಈ ಕೊರತೆಯನ್ನು ತುಂಬಲೆಂದು 2021ರ ‘ಹೈಫೈಫೇಸ್’ ಮಾದರಿಯಲ್ಲಿ ಆಕರ ಮುಖದ ಮೂರು ಆಯಾಮಗಳ ಆಕಾರವನ್ನೂ ಬೇರೆಯಾಗಿ ಲೆಕ್ಕಹಾಕಿ ಗುರುತಿನೊಡನೆ ಸೇರಿಸಿದರು.

ಇದಕ್ಕಿಂತ ಗುರುತರವಾದ ಕೊರತೆಯೊಂದಿದೆ. ಅದು ನಮ್ಮ ದೇಶದ ಮುಖಗಳಿಗೂ ಸಂಬಂಧಪಟ್ಟದ್ದು. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯಾದ ನಿಸ್ಟ್ 2019ರ ಡಿಸೆಂಬರಿನಲ್ಲಿ ಪ್ರಕಟಿಸಿದ ವರದಿಯಲ್ಲಿ, ಅನೇಕ ಮುಖಗುರುತು ಕ್ರಮಗಳು ಇಬ್ಬರು ಬೇರೆ ಬೇರೆ ವ್ಯಕ್ತಿಗಳನ್ನು ಒಬ್ಬನೇ ಎಂದು ಭ್ರಮಿಸುವ ಪ್ರಮಾಣವು ಬಿಳಿಯರಲ್ಲಿರುವುದಕ್ಕಿಂತ ಆಫ್ರಿಕ ಮತ್ತು ಏಷ್ಯ ಮೂಲದವರಲ್ಲಿ ಹಲವು ವೇಳೆ 10 ರಿಂದ 100 ಪಟ್ಟು ಹೆಚ್ಚೆಂದು ಕಂಡುಬಂತು. ದಕ್ಷಿಣ ಏಷ್ಯದವರ ವಿಷಯದಲ್ಲಿ ಹೆಚ್ಚಳ ತುಸು ಕಡಮೆ, ಆದರೆ ಇದೆ. ಚೀನದಲ್ಲಿ ತಯಾರಾದ ಕ್ರಮಗಳಲ್ಲಿ ಪೂರ್ವ ಏಷ್ಯದ ಮುಖಗಳ ಮೇಲೆ ಈ ದೋಷ ಕಡಮೆಯಾಗಿತ್ತೆಂಬುದು, ಯಾರ ಮುಖಗಳಿಂದ ಕಲಿತಿತೆಂಬ ಪ್ರಶ್ನೆಯ ಕಡೆಗೆ ಬೆರಳು ತೋರುತ್ತದೆ. ಇದನ್ನು ನಮ್ಮ ವಿಷಯಕ್ಕೆ ಅನ್ವಯಿಸಿ ನೋಡಿ. ಇಬ್ಬರ ಬಾಣಗಳು ಗುರುತುಜಾಲದಲ್ಲಿ ಮೊದಲೇ ಹತ್ತಿರ ನಿಂತಿದ್ದರೆ, ಫಲಿತಚಿತ್ರದಲ್ಲಿ ಮತ್ತೊಬ್ಬನೇ ಕಂಡರೂ ದಂಡ ಅಲ್ಪವಾಗಿರುತ್ತದೆ. ಅಲ್ಪವಾದ ದಂಡದಿಂದ ತಿದ್ದುಪಡಿಯೂ ಅಲ್ಪ. ಯಂತ್ರಕ್ಕೆ ‘ಇಷ್ಟು ಸಾಕು’ ಎನ್ನಿಸುವ ಹೋಲಿಕೆ ಆ ವ್ಯಕ್ತಿಯ ತಾಯಿಗೆ ಸಾಕಾಗುವುದಿಲ್ಲ. ಆದುದರಿಂದ ಭಾರತೀಯ ಮುಖಗಳ ಮೇಲೆ ಕೆಲಸ ಮಾಡುವವರು, ಮೇಲೆ ಹೇಳಿದ ಕೊಸೈನ್ ಪರೀಕ್ಷೆಯನ್ನು ಭಾರತೀಯರ ಚಿತ್ರಗಳ ಮೇಲೆಯೇ, ಅದರಲ್ಲಿಯೂ ಒಂದೇ ಪ್ರಾಯದ, ಒಂದೇ ಮೈಬಣ್ಣದ ಬೇರೆ ಬೇರೆ ವ್ಯಕ್ತಿಗಳ ಜೋಡಿಗಳ ಮೇಲೆ ಮಾಡತಕ್ಕದ್ದು. ಸೊನ್ನೆಯ ಬದಲು 0.2 ಅಥವಾ 0.3 ಬರುತ್ತಿದ್ದರೆ, ದಂಡದ ಸಂಖ್ಯೆಯನ್ನು ಆ ಮಟ್ಟದಿಂದ ಅಳೆಯಬೇಕಲ್ಲದೆ ಸೊನ್ನೆಯಿಂದಲ್ಲ.

ಇನ್ನು ಸೂತ್ರದಲ್ಲಿ ಗುರಿಚಿತ್ರದ ವ್ಯಕ್ತಿ ಇಲ್ಲವೆಂದು ಹೇಳಿದ್ದ ಮಾತಿಗೆ ಬರೋಣ. ಡೇವಿಡ್ ಫ್ರಾನ್ಸ್ ನಿರ್ದೇಶಿಸಿದ ‘ವೆಲ್‌ಕಮ್ ಟು ಚೆಚ್‌ನ್ಯಾ’ ಎಂಬ 2020ರ ಸಾಕ್ಷ್ಯಚಿತ್ರದಲ್ಲಿ, ಸಲಿಂಗಿಗಳೆಂಬ ಕಾರಣಕ್ಕೆ ಹಿಂಸೆಗೊಳಗಾಗಿ ಚೆಚ್‌ನ್ಯಾದಿಂದ ತಪ್ಪಿಸಿಕೊಂಡು ಬಂದವರ ಕಥೆಯಿದೆ. ಅವರ ಮುಖಗಳನ್ನು ಮಸುಕುಗೊಳಿಸಿದರೆ ಅವರ ಭಯವೂ ದುಃಖವೂ ನೋಡುವವರಿಗೆ ಕಾಣದು. ಹಾಗೆಯೇ ತೋರಿಸಿದರೆ ಪ್ರಾಣಕ್ಕೆ ಅಪಾಯ. ಆದುದರಿಂದ ಸ್ವಯಂಸೇವಕರ ಮುಖಗಳನ್ನು ಗಣಕಯಂತ್ರದಿಂದ ಅವರ ಮುಖಗಳ ಮೇಲೆ ಕೂರಿಸಲಾಯಿತು. ಭಾವ ಅವರದು, ಮುಖ ಬೇರೆಯವರದು. ಅಲ್ಲಿನ ತಂತ್ರದ ಒಳವಿವರಗಳು ನಮ್ಮ ವಿಷಯವಲ್ಲ. ಆದರೆ ಇಂಥ ಕಾರ್ಯಕ್ಕೆ ನಾವು ವಿವರಿಸಿದ ದಂಡವನ್ನು ಬಳಸುವುದಾದರೆ ಏನಾಗುವುದೆಂದು ಕೇಳಿಕೊಳ್ಳಬೇಕು. ಇಲ್ಲಿ ಸ್ವಯಂಸೇವಕನು ಸರಿಯಾಗಿ ಕಾಣುವುದು ಮುಖ್ಯವಲ್ಲ, ಗುರಿಚಿತ್ರದ ವ್ಯಕ್ತಿ ಕಾಣದಿರುವುದು ಮುಖ್ಯ.

ಈ ಎರಡು ಒಂದೇ ಅಲ್ಲ. ನಮ್ಮ ಲೆಕ್ಕದ ನಡುವಿನ ಸ್ಥಿತಿಯನ್ನು ಮತ್ತೊಮ್ಮೆ ತೆಗೆಯಿರಿ: (0.6, 0.64, 0.48). ಆಕರ ಮುಖದೊಡನೆ ಅದರ ಕೊಸೈನ್ 0.864, ದಂಡ 0.136 ಮಾತ್ರ, ತರಬೇತು ಚೆನ್ನಾಗಿ ನಡೆದಿದೆಯೆಂದು ಯಾರಾದರೂ ಹೇಳಬಹುದು. ಅದೇ ಬಾಣವನ್ನು ಗುರಿಚಿತ್ರದ ವ್ಯಕ್ತಿಯ (0, 0.6, 0.8) ಬಾಣದೊಡನೆ ಗುಣಿಸಿ ನೋಡಿದರೆ 0.384ಕ್ಕೆ 0.384 ಕೂಡಿ 0.768 ಬರುತ್ತದೆ. ಎಂದರೆ ಅಡಗಿಸಬೇಕಾದ ವ್ಯಕ್ತಿ ಇನ್ನೂ ಅಡಗಿಲ್ಲ. ನಿಜವಾದ ಗುರುತುಜಾಲದಲ್ಲಿ 0.768 ಬಂದಿದ್ದರೆ ಅದು ಅವನೇ ಎಂದು ತೀರ್ಪು ಬರುತ್ತಿತ್ತು. ಐಡೆಂಟಿಟಿ ಲಾಸಿನ ಸೂತ್ರವು ಈ ಸಂಖ್ಯೆಯನ್ನು ನೋಡುವುದೇ ಇಲ್ಲ. ಅದು ಒಬ್ಬನ ಕಡೆಗೆ ಎಳೆಯುತ್ತದೆ, ಇನ್ನೊಬ್ಬನಿಂದ ದೂರ ತಳ್ಳುವುದಿಲ್ಲ. ಅಡಗಿಸುವುದೇ ಉದ್ದೇಶವಾದಾಗ, ಫಲಿತಚಿತ್ರಕ್ಕೂ ಗುರಿಚಿತ್ರದ ವ್ಯಕ್ತಿಗೂ ಇರುವ ಕೊಸೈನನ್ನು ಪ್ರತ್ಯೇಕವಾಗಿ ಅಳೆದು, ಸಂಬಂಧವಿಲ್ಲದ ಇಬ್ಬರಲ್ಲಿ ಇರುವ ಮಟ್ಟಕ್ಕೆ ಅದು ಇಳಿಯಿತೇ ಎಂದು ಪ್ರತಿಯೊಂದು ಚೌಕಟ್ಟಿನಲ್ಲಿಯೂ ನೋಡಬೇಕು. ಸರಾಸರಿಯನ್ನು ಇಲ್ಲಿ ನಂಬುವಂತಿಲ್ಲ. ತಲೆ ಪಕ್ಕಕ್ಕೆ ತಿರುಗಿದ ಒಂದು ಕ್ಷಣದಲ್ಲಿ ಹಳೆಯ ಮುಖ ಇಣುಕಿದರೂ ಹುಡುಕುವವನಿಗೆ ಅದೊಂದೇ ಚೌಕಟ್ಟು ಸಾಕು.